ಜುಲೈ 8 ಎರಡನೇ ಶನಿವಾರ

ಇದು 2017ರ ಮಾತು. ನಾನಾಗ ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿ ಐದು ತಿಂಗಳಾಗಿತ್ತು, ಏಪ್ರಿಲ್ 10ಕ್ಕೆ ಜಾಯಿನ್ ಆಗಿದ್ದು. ಯಾವ ಬ್ಯಾಂಕು ಯಾವ ಬ್ರಾಂಚು ಅಂತ ಹೇಳಲ್ಲ, ಮಲೆನಾಡು ಕಡೆ ಒಂದು ತಾಲೂಕು ಅಂದ್ಕೊಳ್ಳಿ, ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಯುಪಿಎಸ್ ಕುಂಯ್ ಅನ್ನೋ ಅಂಥ ಊರು. ಪ್ರೊಬೇಷನ್ ಆರು ತಿಂಗಳು, ಅಕ್ಟೋಬರ್ 9ಕ್ಕೆ ಮುಗಿಯೋದು, ಆ ಕನ್ಫರ್ಮೇಶನ್ ರಿಪೋರ್ಟ್ ಬರೆಯೋದು ಬ್ರಾಂಚ್ ಮ್ಯಾನೇಜರ್. ಇದನ್ನ ಮೊದಲೇ ಹೇಳಿಬಿಡ್ತೀನಿ ಯಾಕಂದ್ರೆ ಮುಂದಿನ ಕಥೆ ಪೂರ್ತಿ ಇದು ನನ್ನ ತಲೆಯಲ್ಲಿ ಕೂತೇ ಇತ್ತು, ಅವರು ಒಂದು ಸಲವೂ ಬಾಯಿಬಿಟ್ಟು ಹೇಳ್ಲಿಲ್ಲ ಅನ್ನೋದು ಬೇರೆ ಮಾತು.

ಮ್ಯಾನೇಜರ್ ಸಾರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದಿದ್ರೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ ನನಗೆ. ಸೇರಿದ ಹೊಸದ್ರಲ್ಲಿ ನಾನು ಕ್ಯಾಶಲ್ಲಿ ಎರಡು ಸಾವಿರ ಶಾರ್ಟ್ ಮಾಡ್ಕೊಂಡಾಗ ಸಂಜೆ ಏಳೂವರೆ ತನಕ ನನ್ನ ಪಕ್ಕ ಕೂತು ಒಂದೊಂದೇ ಸ್ಲಿಪ್ ತಾಳೆ ನೋಡಿ ಹುಡುಕಿ ಕೊಟ್ಟವರು. ಅವರಿಗೆ ಅಕ್ಟೋಬರ್ 31ಕ್ಕೆ ರಿಟೈರ್‌ಮೆಂಟ್. ಮೂವತ್ತೈದು ವರ್ಷದ ಸರ್ವೀಸು, ಒಂದೂ ಮೆಮೋ ಇಲ್ಲ ಅಂತ ಹೇಳ್ಕೊಳ್ತಿದ್ರು.

ಸೆಪ್ಟೆಂಬರ್ 11, ಸೋಮವಾರ. ಮುಂದಿನ ವಾರ ಇನ್‌ಸ್ಪೆಕ್ಷನ್ ಶುರು ಅಂತ ಮೇಲ್ ಬಂದಿತ್ತು, ಸಾಲದ ಫೈಲೆಲ್ಲ ಹೊರಗೆ ತೆಗೆದು ನೋಡ್ತಿದ್ವಿ. ನನಗೆ ಕೊಟ್ಟ ಕೆಲಸ ಸುಲಭದ್ದು, ಪ್ರತಿ ಫೈಲ್ ತೆಗೆದು ಪ್ರೋನೋಟಿನ ತಾರೀಕು ನೋಡಿ ಒಂದು ಹಾಳೆಯಲ್ಲಿ ಬರೀಬೇಕು. ಪ್ರೋನೋಟು ಅಂದ್ರೆ ಕೇಳಿದಾಗ ದುಡ್ಡು ಕೊಡ್ತೀನಿ ಅಂತ ಸಾಲಗಾರ ರೆವಿನ್ಯೂ ಸ್ಟಾಂಪ್ ಮೇಲೆ ಸಹಿ ಹಾಕಿ ಕೊಡೋ ಚೀಟಿ. ಅದಕ್ಕೆ ಆಯಸ್ಸು ಮೂರು ವರ್ಷ. 1963ರ ಲಿಮಿಟೇಶನ್ ಆ್ಯಕ್ಟ್ ಪ್ರಕಾರ ಅಷ್ಟರೊಳಗೆ ಕೋರ್ಟಿಗೆ ಹೋಗ್ಬೇಕು, ಇಲ್ಲಾಂದ್ರೆ ಸಾಲ ಸಾಲವಾಗೇ ಇರತ್ತೆ ಆದ್ರೆ ದಾವೆ ಹಾಕಿ ವಸೂಲಿ ಮಾಡೋ ಹಕ್ಕು ಹೋಗತ್ತೆ. ಇದಕ್ಕೆ ಬ್ಯಾಂಕಲ್ಲಿ 'ಟೈಮ್ ಬಾರ್ ಆಯ್ತು' ಅಂತಾರೆ, ಯಾರೋ ತೀರ್ಕೊಂಡ್ರು ಅನ್ನೋ ದನಿಯಲ್ಲಿ. ಹಾಗೆ ಆಗದೇ ಇರ್ಲಿ ಅಂತ ಮೂರು ವರ್ಷ ಮುಗಿಯೋದ್ರೊಳಗೆ ಸಾಲಗಾರನ ಹತ್ರ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಳ್ತೀವಿ, ಇಂಥ ದಿನಕ್ಕೆ ಇಷ್ಟು ಬಾಕಿ ಇರೋದು ನಿಜ ಅಂತ. ಅದೇ ಎಒಡಿ. ಆ ಸಹಿ ಬಿದ್ದ ದಿನದಿಂದ ಮತ್ತೆ ಮೂರು ವರ್ಷ ಹೊಸದಾಗಿ ಶುರು. ಆದ್ರೆ ಮುಗಿಯೋ *ಮೊದಲೇ* ಸಹಿ ಬೀಳ್ಬೇಕು, ಒಂದು ದಿನ ದಾಟಿದ್ರೂ ಆ ಕಾಗದಕ್ಕೆ ಆ ಶಕ್ತಿ ಇಲ್ಲ.

ಹನ್ನೆರಡನೇದೋ ಹದಿಮೂರನೇದೋ ಫೈಲು ತಟ್ಟೆ ಗೌಡ್ರದು. ಅಡಿಕೆ ಹಾಳೆ ತಟ್ಟೆ ಮಾಡೋ ಯುನಿಟ್ ಅವರದ್ದು, ನಾಲ್ಕು ಮಷಿನ್ನು, ಮೂರು ಲಕ್ಷದ ಕ್ಯಾಶ್ ಕ್ರೆಡಿಟ್. ಪ್ರೋನೋಟಿನ ತಾರೀಕು 18-07-2014. ಎಒಡಿ ಹುಡುಕಿದೆ, ಇಲ್ಲ. ಫೈಲ್ ತಿರುವಿ ಹಾಕಿದೆ, ಪಕ್ಕದ ಫೈಲಿಗೆ ಸೇರ್ಕೊಂಡಿದೆಯೇನೋ ಅಂತ ಅದನ್ನೂ ನೋಡ್ದೆ. ಇಲ್ಲ. ಲೆಕ್ಕ ಹಾಕಿದ್ರೆ 2017ರ ಜುಲೈ 17ರೊಳಗೆ ತಗೋಬೇಕಿತ್ತು, ಎಂಟು ವಾರ ದಾಟಿ ಹೋಗಿದೆ. ಬಾಕಿ 2 ಲಕ್ಷ 84 ಸಾವಿರದ ಚಿಲ್ಲರೆ. ಹೇಗೆ ತಪ್ಪಿತು ಅಂದ್ರೆ, ಯಾವ ಫೈಲಿನ ಮೂರು ವರ್ಷ ಯಾವಾಗ ಮುಗಿಯತ್ತೆ ಅಂತ ಒಂದು ಡೈರಿ ಇಡ್ತಾರೆ, ಅದನ್ನ ನೋಡ್ಕೊಳ್ತಿದ್ದ ಆಫೀಸರ್‌ಗೆ ಜೂನಲ್ಲಿ ಟ್ರಾನ್ಸ್‌ಫರ್ ಆಯ್ತು, ಅವರ ಜಾಗಕ್ಕೆ ಯಾರೂ ಬರ್ಲಿಲ್ಲ, ಡೈರಿ ಬೀರು ಮೇಲೆ ಧೂಳು ತಿಂತಾ ಕೂತಿತ್ತು. ಕಂಪ್ಯೂಟರಲ್ಲೂ ಆ ಲಿಸ್ಟ್ ಬರತ್ತೆ, ಆದ್ರೆ ಪ್ರೋನೋಟಿನ ತಾರೀಕನ್ನ ಯಾರಾದ್ರೂ ಮೊದಲೇ ಅದಕ್ಕೆ ತುಂಬಿರ್ಬೇಕಲ್ಲ.

ಹೋಗಿ ಮ್ಯಾನೇಜರ್‌ಗೆ ತೋರಿಸ್ದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡು ಪ್ರೋನೋಟು ನೋಡಿದ್ರು. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ಬಾಗಿಲು ಕಡೆ ಒಂದು ಸಲ ನೋಡಿ,

"ಯಾರಿಗಾದ್ರೂ ಹೇಳಿದ್ಯೇನಪ್ಪಾ?" ಅಂದ್ರು.

"ಇಲ್ಲ ಸಾರ್."

"ಸರಿ. ಒಂದು ಎಒಡಿ ಫಾರಂ ತಗೊಂಬಾ. ಜುಲೈ 8 ಅಂತ ಡೇಟ್ ಹಾಕಿ ಫಿಲಪ್ ಮಾಡು. ಗೌಡ್ರನ್ನ ನಾಳೆ ಬರಕ್ಕೆ ಹೇಳ್ತೀನಿ, ಜೊತೆಗೆ ಅವರ ಭಾವನ್ನೂ. ಇಬ್ಬರದೂ ಸಹಿ ತಗೊಂಡ್ರೆ ಮುಗೀತು."

ಎಷ್ಟು ಸಹಜವಾಗಿ ಹೇಳಿದ್ರು ಅಂದ್ರೆ ನಾನು ಹೂಂ ಸಾರ್ ಅಂತ ಹೊರಗೆ ಬಂದೆ. ನಿಜ ಹೇಳ್ಬೇಕಂದ್ರೆ ಕೂತು ಬರೆಯಕ್ಕೂ ಶುರು ಮಾಡ್ದೆ. ಹೆಸರು, ಅಕೌಂಟ್ ನಂಬರ್, ತಾರೀಕು 08-07-2017. ನನ್ನದೇ ಅಕ್ಷರದಲ್ಲಿ. ಇದನ್ನ ಬಿಟ್ಟು ಹೇಳಿದ್ರೆ ಕಥೆ ಚಂದ ಇರತ್ತೆ, ಆದ್ರೆ ಬರೆದಿದ್ದು ನಿಜ.

ಬಾಕಿ ಮೊತ್ತ ಬರೆಯೋ ಜಾಗಕ್ಕೆ ಬಂದಾಗ ಕೈ ನಿಂತಿತು. ಜುಲೈ 8ಕ್ಕೆ ಎಷ್ಟಿತ್ತು ಅಂತ ಸ್ಟೇಟ್‌ಮೆಂಟ್ ತೆಗೆದೆ, ಅವತ್ತು ಬ್ರಾಂಚಲ್ಲಿ ಬೇರೆ ಏನೇನು ನಡೆದಿದೆ ಅಂತ ಸುಮ್ಮನೆ ನೋಡಿದ್ರೆ ಏನೂ ಇಲ್ಲ, ಒಂದು ವೋಚರೂ ಇಲ್ಲ. ಎದುರಿಗೆ ಗೋಡೆ ಮೇಲೆ ನಮ್ಮದೇ ಬ್ಯಾಂಕಿನ ಕ್ಯಾಲೆಂಡರ್. ಎದ್ದು ಹೋಗಿ ಜುಲೈ ತಿಂಗಳಿಗೆ ಹಿಂದೆ ತಿರುಗಿಸಿ ನೋಡ್ದೆ. 8ನೇ ತಾರೀಕು ಕೆಂಪು. ಎರಡನೇ ಶನಿವಾರ! 2015ರಿಂದ ಬ್ಯಾಂಕುಗಳಿಗೆ ಎರಡನೇ ನಾಲ್ಕನೇ ಶನಿವಾರ ರಜೆ ಅಲ್ವಾ. ಬೀಗ ಹಾಕಿದ್ದ ಬ್ರಾಂಚಲ್ಲಿ ಗೌಡ್ರು ಬಂದು ಸಹಿ ಹಾಕಿ ಹೋದ ಹಾಗೆ ಆಗ್ತಿತ್ತು.

ನನಗೆ ಎಂಥಾ ಖುಷಿ ಆಯ್ತು ಗೊತ್ತಾ. ಅಬ್ಬ, ಆಗಲ್ಲ ಅಂತ ಹೇಳಕ್ಕೆ ಒಂದು ಕಾರಣ ಸಿಕ್ತು ಅಂತ. ಓಡಿ ಹೋಗಿ "ಸಾರ್, 8 ಸೆಕೆಂಡ್ ಸ್ಯಾಟರ್ಡೇ" ಅಂದೆ.

ಅವರು ಕ್ಯಾಲೆಂಡರ್ ನೋಡಿ, "ಓ ಹೌದಲ್ಲ. ಒಳ್ಳೇದಾಯ್ತು ನೋಡಿದ್ದು. ಹಾಗಾದ್ರೆ 7 ಹಾಕು, ಶುಕ್ರವಾರ" ಅಂದ್ರು.

ವಾಪಸ್ ಬಂದು ಕೂತೆ. ಹೊಸ ಫಾರಂ ತೆಗೆದೆ. ಈ ಸಲ ಕಣ್ಣು ಕೆಳಗೆ ಹೋಯ್ತು, ಫಾರಂ ತುದಿಯಲ್ಲಿ ಪ್ರೆಸ್ಸಿನವರು ಸಣ್ಣ ಅಕ್ಷರದಲ್ಲಿ ಎಷ್ಟು ಕಾಪಿ, ಯಾವ ತಿಂಗಳು ಅಂತ ಹಾಕಿರ್ತಾರಲ್ಲ, ಅದ್ರಲ್ಲಿ 08/2017 ಅಂತಿತ್ತು. ಆಗಸ್ಟಲ್ಲಿ ಅಚ್ಚಾದ ಫಾರಂ ಮೇಲೆ ಜುಲೈ ತಿಂಗಳ ಸಹಿ. ಮತ್ತೆ ಎದ್ದು ಹೋಗಿ ಅದನ್ನೂ ತೋರಿಸ್ದೆ.

"ಭಲೇ ಚುರುಕು ಇದೀಯ ಕಣಯ್ಯ" ಅಂದ್ರು, ನಿಜವಾಗ್ಲೂ ಮೆಚ್ಚಿಕೊಂಡು. "ರೆಕಾರ್ಡ್ ರೂಮಲ್ಲಿ ಹಳೇ ಪ್ಯಾಡ್ ಇರತ್ತೆ, ಅದ್ರಲ್ಲಿ ಒಂದು ಹಾಳೆ ಹರ್ಕೋ."

ರೆಕಾರ್ಡ್ ರೂಮಿನ ಬಾಗಿಲ ಹತ್ರ ಹೋಗಿ ನಿಂತಾಗ ನನಗೆ ಅರ್ಥ ಆಗಿದ್ದು. ನಾನು ಎರಡು ಸಲ ತಕರಾರು ತೆಗೆದೆ, ಎರಡು ಸಲವೂ ಆ ಸುಳ್ಳು ಕಾಗದವನ್ನ ಇನ್ನಷ್ಟು ಗಟ್ಟಿ ಮಾಡಿ ಕೊಟ್ಟೆ. ರಜೆ ದಿನ ತಪ್ಪಿಸಿಕೊಟ್ಟೆ, ಅಚ್ಚಿನ ತಾರೀಕು ತಪ್ಪಿಸಿಕೊಟ್ಟೆ. ಇನ್ನೊಂದು ತೊಡಕು ಹುಡುಕಿ ಹೇಳಿದ್ರೆ ಅವರು ಅದಕ್ಕೂ ದಾರಿ ಹೇಳ್ತಾರೆ, ಕೊನೆಗೆ ಯಾವ ಇನ್‌ಸ್ಪೆಕ್ಟರ್ ಬಂದ್ರೂ ಕಂಡುಹಿಡಿಯಕ್ಕಾಗದ ಎಒಡಿ ಒಂದು ತಯಾರಾಗತ್ತೆ, ಅದನ್ನ ತಯಾರು ಮಾಡಿದವನು ನಾನಾಗಿರ್ತೀನಿ. ಆಗಲ್ಲ ಅನ್ನೋ ಮಾತನ್ನ ಕ್ಯಾಲೆಂಡರ್ ಬಾಯಲ್ಲಿ ಹೇಳ್ಸಕ್ಕೆ ನೋಡ್ತಿದ್ದೆ ನಾನು.

ರೆಕಾರ್ಡ್ ರೂಮಿಗೆ ಹೋಗದೆ ಹಾಗೇ ವಾಪಸ್ ಕ್ಯಾಬಿನ್ನಿಗೆ ಬಂದೆ. ಕಾಲು ನಡುಗ್ತಿತ್ತು, ಕೂತ್ಕೋ ಅಂದ್ರೂ ಕೂರಲಿಲ್ಲ.

"ಸಾರ್, ಇವತ್ತಿನ ತಾರೀಕು ಹಾಕೋದಾದ್ರೆ ಬರೆದು ಕೊಡ್ತೀನಿ. ಜುಲೈ ತಾರೀಕು ಬೇಡ ಸಾರ್, ನನ್ನ ಕೈಲಾಗಲ್ಲ."

ಅವರು ರೇಗಲಿಲ್ಲ. ರೇಗಿದ್ರೆ ನನಗೂ ಸ್ವಲ್ಪ ಧೈರ್ಯ ಬರ್ತಿತ್ತು. ತುಂಬಾ ಮೆತ್ತಗೆ ಕೇಳಿದ್ರು, "ಯಾರಿಗೆ ನಷ್ಟ ಹೇಳು ಮರಿ? ಗೌಡ ಸಾಲ ತಗೊಂಡಿದ್ದು ಸುಳ್ಳಾ? ಬಾಕಿ ಇರೋದು ಸುಳ್ಳಾ? ಅವನೇ ಬಂದು ಸಹಿ ಹಾಕ್ತಾನೆ, ಅವನದೇ ಸಹಿ, ಯಾರದ್ದೋ ಸಹಿ ನಾವು ಹಾಕ್ತಿಲ್ಲ. ಬ್ಯಾಂಕಿನ ದುಡ್ಡು ಉಳಿಯತ್ತೆ. ಒಂದು ತಾರೀಕು ಅಷ್ಟೇ."

ನನಗೆ ಉತ್ತರ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಸಾರ್ ಅಂದೆ. ಅವರು "ಸರಿ ಹೋಗು, ಕೌಂಟರ್ ನೋಡ್ಕೋ" ಅಂದ್ರು. ಹೊರಗೆ ಬರೋವಾಗ ಹಿಂದಿನಿಂದ, "ನನಗೆ ಐವತ್ತು ದಿನ ಇದೆ ಕಣಪ್ಪಾ" ಅಂತ ಒಂದೇ ಮಾತು ಕೇಳಿಸ್ತು. ರಿಟೈರಾಗೋ ಹೊತ್ತಿಗೆ ಚಾರ್ಜ್‌ಶೀಟ್ ಆದ್ರೆ ಗ್ರಾಚ್ಯುಟಿ ಮತ್ತೊಂದು ತಡೆಹಿಡಿಯಬಹುದು, ಅದರ ಭಯ ಅವರಿಗೆ. ಮಗಳ ಮದುವೆ ಸಾಲ ಅದ್ರಲ್ಲೇ ತೀರಿಸೋದು ಅಂತ ಎಲ್ಲರಿಗೂ ಗೊತ್ತಿತ್ತು.

ನಾನು ತುಂಬಿದ್ದ ಆ 8ನೇ ತಾರೀಕಿನ ಫಾರಂ ನನ್ನ ಡ್ರಾಯರಲ್ಲೇ ಇತ್ತು. ಸಂಜೆ ಅದನ್ನ ಸಣ್ಣ ಸಣ್ಣ ಚೂರು ಮಾಡಿ ಕಸದ ಬುಟ್ಟಿಗೆ ಹಾಕಿ, ಆಮೇಲೂ ಸಮಾಧಾನ ಆಗದೆ ಮೇಲೆ ಟೀ ಲೋಟ ಬಗ್ಗಿಸ್ದೆ.

ರಾತ್ರಿ ರೂಮಿಗೆ ಬಂದು ಚಿಕ್ಕಪ್ಪಂಗೆ ಫೋನ್ ಮಾಡ್ದೆ. ಸಾಗರದಲ್ಲಿ ವಕೀಲರು, ಸಿವಿಲ್ ಕೇಸೇ ಜಾಸ್ತಿ. ಬ್ಯಾಂಕಿನ ವಿಷಯ ಹೊರಗೆ ಹೇಳಬಾರದು ಅಂತ ಫ್ರೆಂಡ್ ಒಬ್ಬನಿಗೆ ಹಿಂಗಾಗಿದೆ ಅಂತ ಶುರು ಮಾಡ್ದೆ, ಅವರು "ಆ ಫ್ರೆಂಡ್ ಊಟ ಮಾಡಿದ್ನಾ?" ಅಂದ್ರು. ಇಲ್ಲ ಚಿಕ್ಕಪ್ಪಾ ಅಂದೆ.

ಅವರು ಹೇಳಿದ್ದರಲ್ಲಿ ಮೂರು ವಿಷಯ ಇವತ್ತಿಗೂ ನೆನಪಿದೆ. ಮೊದಲನೇದು, ಅವನದೇ ಸಹಿ ಅಲ್ವಾ ಅನ್ನೋ ಮಾತಿಗೆ. ಆಗ ಜಾರಿಯಲ್ಲಿದ್ದ ಐಪಿಸಿಯ 464ರಲ್ಲಿ, ಮನುಷ್ಯ ತನ್ನ ಸಹಿಯನ್ನ ತಾನೇ ಹಾಕಿದ್ರೂ ಅದು ಫೋರ್ಜರಿ ಆಗಬಹುದು ಅಂತ ಒಂದು ವಿವರಣೆ ಇತ್ತಂತೆ, ಅದೇ ಸೆಕ್ಷನ್ನಲ್ಲಿ ಕೊಟ್ಟಿದ್ದ ಒಂದು ಉದಾಹರಣೆಯೂ ಹಿಂದಿನ ತಾರೀಕಿನದ್ದೇ. ಒಬ್ಬ ತನ್ನ ಜಮೀನು ಒಬ್ಬನಿಗೆ ಮಾರಿ, ಆಮೇಲೆ ಅವನಿಗೆ ಮೋಸ ಮಾಡಕ್ಕೆ ಇನ್ನೊಬ್ಬನಿಗೆ ಆರು ತಿಂಗಳು ಹಿಂದಿನ ತಾರೀಕು ಹಾಕಿ ಕ್ರಯಪತ್ರ ಬರ್ಕೊಡ್ತಾನೆ. ಸಹಿ ಅವನದ್ದೇ, ಆದ್ರೂ ಫೋರ್ಜರಿ. "ಕಾಗದದಲ್ಲಿ ಬಾಕಿ ಎಷ್ಟು ಅಂತ ಬರೆಯೋವಾಗ ಜೂನ್ 30ಕ್ಕೆ ಇಷ್ಟಿತ್ತು ಅಂತ ಹಳೇ ದಿನ ಹಾಕ್ಬಹುದು ಕಣೋ, ಅದು ಲೆಕ್ಕದ ದಿನ, ಅದ್ರಲ್ಲಿ ತಪ್ಪಿಲ್ಲ. ಸಹಿ ಹಾಕಿದ ದಿನ ಮಾತ್ರ ಸಹಿ ಹಾಕಿದ ದಿನವೇ ಆಗ್ಬೇಕು" ಅಂದ್ರು. ಇಷ್ಟು ಸರಳ ವ್ಯತ್ಯಾಸ ನನಗೆ ಯಾವ ಟ್ರೈನಿಂಗಲ್ಲೂ ಯಾರೂ ಹೇಳಿರ್ಲಿಲ್ಲ.

ಎರಡನೇದು, ಯಾರಿಗೆ ನಷ್ಟ ಅನ್ನೋದಕ್ಕೆ. "ಗ್ಯಾರಂಟಿ ಯಾರು?" ಅಂತ ಕೇಳಿದ್ರು. ಗೌಡ್ರ ಭಾವ, ಕಿರಾಣಿ ಅಂಗಡಿ ಅಂದೆ. "ಹಂ. ಜುಲೈ 17 ದಾಟಿದ ಮೇಲೆ ಆ ಮನುಷ್ಯನ ಮೇಲೆ ದಾವೆ ಹಾಕೋ ಹಾಗಿಲ್ಲ, ಅವನಿಗೇ ಅದು ಗೊತ್ತಿಲ್ಲ. ಬ್ಯಾಂಕ್ ಫಾರ್ಮಾಲಿಟಿ ಅಂತ ಕರೆಸಿ ಹಳೇ ತಾರೀಕಿಗೆ ಸಹಿ ಹಾಕ್ಸಿದ್ರೆ ಅವನ ಕುತ್ತಿಗೆಗೆ ಮತ್ತೆ ಮೂರು ವರ್ಷ ಹಗ್ಗ ಬಿದ್ದ ಹಾಗೆ. ಅವನಿಗೆ ನಷ್ಟ ಇಲ್ವಾ?"

ಮೂರನೇದು ದಾರಿ. ಎರಡು ದಾರಿ ಇದೆ ಅಂದ್ರು. ಜುಲೈ 17ಕ್ಕೆ ಮೊದಲು ಗೌಡ್ರು ಆ ಸಾಲಕ್ಕೆ ಏನಾದ್ರೂ ದುಡ್ಡು ಕಟ್ಟಿದ್ರೆ, ಆ ಕಟ್ಟಿದ ಸ್ಲಿಪ್ಪು ಅವರ ಕೈಬರಹದಲ್ಲಿ ಇದ್ರೆ ಅಥವಾ ಅವರ ಸಹಿ ಇದ್ರೆ, ಲಿಮಿಟೇಶನ್ ಆ್ಯಕ್ಟಿನ 19ನೇ ಸೆಕ್ಷನ್ ಪ್ರಕಾರ ಕಟ್ಟಿದ ದಿನದಿಂದ ಮತ್ತೆ ಮೂರು ವರ್ಷ ಸಿಗತ್ತೆ. ನೂರು ರೂಪಾಯಿ ಕಟ್ಟಿದ್ರೂ ಸಾಕು. ಅದು ಸಿಗಲಿಲ್ಲ ಅಂದ್ರೆ ಕಾಂಟ್ರಾಕ್ಟ್ ಆ್ಯಕ್ಟಿನ 25(3). ಟೈಮ್ ಬಾರ್ ಆದ ಸಾಲವನ್ನೂ ಕೊಡ್ತೀನಿ ಅಂತ ಸಾಲಗಾರ ಬರಹದಲ್ಲಿ ಸಹಿ ಹಾಕಿ ಕೊಟ್ರೆ ಅದು ಹೊಸ ಒಪ್ಪಂದ, ಇವತ್ತಿನ ತಾರೀಕಿಗೆ. "ಆದ್ರೆ ಎಒಡಿಯಲ್ಲಿ ಬರೆಯೋ ಹಾಗೆ 'ಬಾಕಿ ಇದೆ' ಅಂತ ಒಪ್ಕೊಂಡ್ರೆ ಸಾಲಲ್ಲ, 'ಕೊಡ್ತೀನಿ' ಅಂತ ಮಾತು ಕೊಟ್ಟಿರ್ಬೇಕು. ಅದು ಬಹಳ ಜನ ತಪ್ಪು ಮಾಡೋ ಜಾಗ. ಮತ್ತೆ ಯಾರು ಸಹಿ ಹಾಕ್ತಾರೋ ಅವರ ಮೇಲೆ ಮಾತ್ರ ನಡೆಯತ್ತೆ, ಗ್ಯಾರಂಟಿದಾರ ಬೇರೆಯಾಗಿ ಒಪ್ಪಿ ಸಹಿ ಹಾಕ್ಬೇಕು."

ಬೆಳಿಗ್ಗೆ ಎಂಟೂವರೆಗೇ ಬ್ರಾಂಚಿಗೆ ಹೋದೆ. ಮ್ಯಾನೇಜರ್ ಆಗಲೇ ಬಂದಿದ್ರು, ಅವರೂ ನಿದ್ದೆ ಮಾಡಿರ್ಲಿಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಚಿಕ್ಕಪ್ಪ ಹೇಳಿದ್ದು ಅಂತ ಹೇಳದೆ "ಸಾರ್ ಹಳೇ ಸ್ಲಿಪ್ ನೋಡಣ್ವಾ" ಅಂದೆ. ಅವರು ನನ್ನ ಮುಖವನ್ನೇ ನೋಡಿ, "ಹತ್ತೊಂಬತ್ತನೇ ಸೆಕ್ಷನ್ನಾ? ನಾನೂ ಯೋಚ್ನೆ ಮಾಡ್ದೆ ರಾತ್ರಿ. ನೋಡು" ಅಂದ್ರು. ಮೂವತ್ತೈದು ವರ್ಷ ಬ್ಯಾಂಕಲ್ಲಿದ್ದವರಿಗೆ ಗೊತ್ತಿಲ್ದೇ ಇರತ್ತಾ. ಭಯ ಬಿದ್ದಾಗ ಅಡ್ಡದಾರಿ ಮೊದಲು ಕಾಣ್ಸಿತ್ತು ಅಷ್ಟೇ.

ಸ್ಟೇಟ್‌ಮೆಂಟ್ ಪ್ರಕಾರ ಆ ವರ್ಷ ಜನವರಿಯಿಂದ ಜುಲೈವರೆಗೆ ನಾಲ್ಕು ಸಲ ಕ್ಯಾಶ್ ಕಟ್ಟಿದ್ರು. ಅಷ್ಟೂ ದಿನದ ವೋಚರ್ ಕಟ್ಟು ಹುಡುಕ್ಬೇಕು. ರೆಕಾರ್ಡ್ ರೂಮ್ ಅಂದ್ರೆ ಏನು ಅಂತ ಬ್ಯಾಂಕಿನವರಿಗೆ ಮಾತ್ರ ಗೊತ್ತು. ನೋಟ್ ಬ್ಯಾನ್ ಸಮಯದ ವೋಚರುಗಳು ಗೋಣಿಚೀಲದಲ್ಲಿ ಹಾಗೇ ತುಂಬಿಟ್ಟಿದ್ರು, ಹೊಲಿದೂ ಇರ್ಲಿಲ್ಲ, ಅದರ ಮೇಲೆ 2017ರ ಕಟ್ಟುಗಳು, ಗೋಡೆ ಕಡೆಯ ಸಾಲು ಪೂರ್ತಿ ಬೂಸಲು. ನಮ್ಮ ಹೆಡ್ ಕ್ಯಾಷಿಯರ್ ಮೇಡಂ ಏನು ಹುಡುಕ್ತಿದೀವಿ ಅಂತ ಒಂದು ಮಾತೂ ಕೇಳದೆ ಮೂಗಿಗೆ ಸೆರಗು ಸುತ್ತಿಕೊಂಡು ಬಂದು ಜೊತೆಗೆ ಕೂತ್ರು. ಅವರಿಗೆ ಎಷ್ಟು ಗೊತ್ತಿತ್ತೋ ನನಗೆ ಗೊತ್ತಿಲ್ಲ. ಕೌಂಟರ್ ಮುಗಿಸಿ ಮುಗಿಸಿ ಹೋಗಿ ಹುಡುಕೋದು, ಹೀಗೆ ಎರಡು ದಿನ.

ನಾಲ್ಕು ಸ್ಲಿಪ್ಪೂ ಸಿಕ್ತು. ನಾಲ್ಕರಲ್ಲೂ 'ಹಣ ಕಟ್ಟಿದವರ ಸಹಿ' ಅನ್ನೋ ಜಾಗದಲ್ಲಿ ಗೌಡ್ರ ಮಗನ ಸಹಿ. ಡಿಗ್ರಿ ಓದೋ ಹುಡುಗ, ಕಾಲೇಜಿಗೆ ಬರೋವಾಗ ಅಪ್ಪ ದುಡ್ಡು ಕೊಟ್ಟು ಕಳಿಸ್ತಿದ್ರು, ಅವನೇ ಬರೆದು ಅವನೇ ಸಹಿ ಹಾಕಿ ಕಟ್ಟಿ ಹೋಗ್ತಿದ್ದ. ಬ್ಯಾಂಕಿನ ಪ್ಯಾನಲ್ ವಕೀಲರಿಗೆ ಮ್ಯಾನೇಜರ್ ಫೋನ್ ಮಾಡಿ ಕೇಳಿದ್ರು. ಕಾನೂನಲ್ಲಿ ಸಾಲಗಾರ ಅಥವಾ ಅವನು ಅಧಿಕಾರ ಕೊಟ್ಟ ಏಜೆಂಟ್ ಅಂತಿದೆ, ಮಗ ಅಪ್ಪನ ಏಜೆಂಟ್ ಅಂತ ಕೋರ್ಟಲ್ಲಿ ವಾದ ಮಾಡ್ಬಹುದು ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ ಅಂದ್ರಂತೆ. ಫೋನಿಟ್ಟ ಮೇಲೆ ಕ್ಯಾಬಿನ್ನಲ್ಲಿ ಫ್ಯಾನ್ ಸದ್ದು ಮಾತ್ರ. ಈಗ ಮತ್ತೆ ಹಳೇ ಪ್ಯಾಡ್ ತರಕ್ಕೆ ಹೇಳ್ತಾರೇನೋ ಅಂತ ನಾನು ನೆಲ ನೋಡ್ತಾ ನಿಂತಿದ್ದೆ. ಅವರಿಗೆ ನಾನು ಬೇಕೇ ಅಂತೇನಿರ್ಲಿಲ್ಲ, ಫಾರಂ ಅವರೇ ತುಂಬಬಹುದಿತ್ತು.

"ಗೌಡ್ರಿಗೆ ಬರಕ್ಕೆ ಹೇಳು. ಹೊಸ ಪ್ರೋನೋಟ್ ತಗೋ. ಇವತ್ತಿನ ಡೇಟು" ಅಂದ್ರು.

ಗೌಡ್ರು ಮಾರನೇ ದಿನ ಬಂದ್ರು, ಮಳೇಲಿ ನೆನ್ಕೊಂಡು, ಪ್ಲಾಸ್ಟಿಕ್ ಕವರಲ್ಲಿ ಪಾಸ್‌ಬುಕ್ ಸುತ್ಕೊಂಡು. ಮ್ಯಾನೇಜರ್ ಅವರಿಗೆ ಎಲ್ಲಾ ಬಿಡಿಸಿ ಹೇಳಿದ್ರು, ಇದು ನಾನು ನಿರೀಕ್ಷೆ ಮಾಡಿರ್ಲಿಲ್ಲ. ಹಳೇ ಕಾಗದದ ಅವಧಿ ಮುಗಿದಿದೆ, ನಮ್ಮ ಕಡೆಯಿಂದ ತಪ್ಪಾಗಿದೆ, ಹೊಸದಾಗಿ ಬರ್ಕೊಡಿ ಅಂತ ಕೇಳ್ತಿದೀವಿ, ಕೊಡದೇ ಇದ್ರೆ ಬಲವಂತ ಇಲ್ಲ ಅಂತ. ಗೌಡ್ರು ಸ್ವಲ್ಪ ಹೊತ್ತು ಕೂತು, "ತಿಂದಿದೀನಲ್ಲ ಸಾರ್, ಕೊಡ್ದೇ ಇರಕ್ಕಾಗತ್ತಾ. ಎಲ್ಲಿ ಹಾಕ್ಬೇಕು ಹೇಳಿ" ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, "ಜುಲೈನಲ್ಲೇ ಕರೆದಿದ್ರೂ ನಾನು ಸಿಗ್ತಿರ್ಲಿಲ್ಲ ಬಿಡಿ. ನಮ್ಮನೆಯವಳಿಗೆ ಆಪರೇಷನ್ನು, ತಿಂಗಳ ಮೊದಲನೇ ವಾರದಿಂದ ಹದಿನೈದು ದಿನ ಮಣಿಪಾಲದಲ್ಲೇ ಇದ್ದೆ" ಅಂದ್ರು.

7ನೇ ತಾರೀಕು, ಶುಕ್ರವಾರ. ಮ್ಯಾನೇಜರ್ ನನ್ನ ಮುಖ ನೋಡ್ಲಿಲ್ಲ, ನಾನೂ ಅವರ ಮುಖ ನೋಡ್ಲಿಲ್ಲ.

ಕಾಗದ ನಾನೇ ಬರೆದೆ. ಹಳೇ ಪ್ರೋನೋಟಿನ ತಾರೀಕು, ಅದರ ಅವಧಿ ಮುಗಿದಿರೋದು, ಇವತ್ತಿಗೆ ಇರೋ ಬಾಕಿ, ಅದನ್ನ ಬಡ್ಡಿ ಸಮೇತ ಕೊಡೋದಾಗಿ ಒಪ್ಪಿ ಮಾತು ಕೊಡ್ತೀನಿ ಅನ್ನೋದು, ಎಲ್ಲ. ಅದರ ಜೊತೆ ಹೊಸ ಪ್ರೋನೋಟು. ತಾರೀಕು ಮಾತ್ರ ಗೌಡ್ರ ಕೈಲೇ ಬರೆಸ್ದೆ, 14-09-2017. ಅಕ್ಷರ ಅಡ್ಡಾದಿಡ್ಡಿ ಬಂತು, ನಾಲ್ಕು ಒಂಬತ್ತರ ಥರ ಕಾಣ್ತಿತ್ತು, ಇನ್ನೊಂದು ಸಲ ಬರೆಸಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿಸ್ದೆ.

ಭಾವ ಮಾತ್ರ ಒಪ್ಲಿಲ್ಲ. ಬಂದ್ರು, ಕಾಗದ ಪೂರ್ತಿ ಓದಿದ್ರು, ಅಂಗಡಿ ವ್ಯಾಪಾರ ಮಾಡೋರು ಓದೋದೇ ಬೇರೆ ಥರ. "ಅಂದ್ರೆ ಈಗ ನನ್ ಮೇಲೆ ಏನೂ ಇಲ್ಲ ಅಂತಾಯ್ತಲ್ಲ ಸಾರ್?" ಅಂದ್ರು. ಮ್ಯಾನೇಜರ್ ಹೌದು ಅಂದ್ರು. "ಹಂಗಾದ್ರೆ ಬೇಡ ಬಿಡಿ" ಅಂತ ಎದ್ದು, ಕೈ ಮುಗಿದು ಹೋದ್ರು. ಬ್ಯಾಂಕಿಗೆ ಗ್ಯಾರಂಟಿ ಹೋಯ್ತು. ಇದು ನಿಜವಾದ ನಷ್ಟ, ನಾನು ತಾರೀಕು ಬರೆದಿದ್ರೆ ಆಗ್ತಿರಲಿಲ್ಲ. ಒಪ್ಕೊಳ್ಳಲೇಬೇಕು.

ಇನ್‌ಸ್ಪೆಕ್ಷನ್‌ಗೆ ಬಂದವರು ಆ ಫೈಲ್ ಹಿಡಿದ್ರು, ಹಿಡೀಲೇಬೇಕಿತ್ತು, ಯಾಕಂದ್ರೆ ಮ್ಯಾನೇಜರ್ ತಾವೇ ಒಂದು ಪುಟದ ನೋಟ್ ಬರೆದು ಫೈಲಿನ ಮೇಲೆ ಇಟ್ಟಿದ್ರು. ಅವಧಿ ಇಂಥ ದಿನ ಮುಗಿಯಿತು, ಇಂಥ ದಿನ ಗಮನಕ್ಕೆ ಬಂತು, ಹೊಸ ದಾಖಲೆ ತಗೊಂಡಿದೆ, ಗ್ಯಾರಂಟಿದಾರ ನಿರಾಕರಿಸಿದ್ದಾರೆ ಅಂತ. ನನ್ನ ಹೆಸರು ಎಲ್ಲೂ ಇರ್ಲಿಲ್ಲ, ಡೈರಿ ನೋಡ್ಕೊಳ್ತಿದ್ದ ಆಫೀಸರ್ ಹೆಸರೂ ಇರ್ಲಿಲ್ಲ. ರೀಜನಲ್ ಆಫೀಸಿಂದ ವಿವರಣೆ ಕೇಳಿ ಪತ್ರ ಬಂತು. ಅದೇ ಅವರ ಸರ್ವೀಸಲ್ಲಿ ಮೊದಲನೇದು ಅಂತ ಅವರೇ ಟಪಾಲು ಒಡೆದು ಓದಿ ಹೇಳಿದ್ರು, ನಗ್ತಾ ಹೇಳಿದ್ರು, ನಮಗ್ಯಾರಿಗೂ ನಗು ಬರ್ಲಿಲ್ಲ. ಉತ್ತರ ಕೊಟ್ರು. ಮುಂದೆ ಅದು ಎಚ್ಚರಿಕೆ ಪತ್ರಕ್ಕೆ ಮುಗೀತು, ದುಡ್ಡು ತಡೆಹಿಡೀಲಿಲ್ಲ ಅಂತ ರಿಟೈರಾದ ಮೇಲೆ ಮೇಡಂ ಮೂಲಕ ಗೊತ್ತಾಯ್ತು.

ನನ್ನ ಕನ್ಫರ್ಮೇಶನ್ ರಿಪೋರ್ಟ್ ಅಕ್ಟೋಬರ್ ಮೊದಲ ವಾರ ಹೋಯ್ತು. ಕವರಿಗೆ ಹಾಕೋ ಮೊದಲು ಅವರೇ ಕರೆದು ತೋರಿಸಿದ್ರು, ತೋರಿಸೋ ಪದ್ಧತಿ ಇಲ್ಲ. ಕೆಲಸ ಕಲಿಯೋದು: ಉತ್ತಮ. ಗ್ರಾಹಕರ ಜೊತೆ ನಡತೆ: ಉತ್ತಮ. ಮೇಲಧಿಕಾರಿಗಳ ಸೂಚನೆ ಪಾಲನೆ ಅಂತ ಒಂದು ಕಾಲಂ ಇತ್ತು, ಅದ್ರಲ್ಲಿ 'ಸಾಧಾರಣ' ಅಂತ ಬರೆದಿದ್ರು. ನಾನು ಅದನ್ನೇ ನೋಡ್ತಾ ನಿಂತೆ. "ಏನು, ಸುಳ್ಳು ಬರೀಲಾ?" ಅಂದ್ರು. ಬೈದಿದ್ದಾ ತಮಾಷೆಯಾ ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಕನ್ಫರ್ಮ್ ಆಯ್ತು.

ಅವರು ರಿಟೈರಾಗೋ ಹಿಂದಿನ ವಾರ ಗೌಡ್ರು ಮಗನ ಜೊತೆ ಬ್ಯಾಂಕಿಗೆ ಬಂದಿದ್ರು, ಸಾಲಕ್ಕೆ ಐದು ಸಾವಿರ ಕಟ್ಟಕ್ಕೆ. ಗೌಡ್ರು ಬೆಂಚಿನ ಮೇಲೆ ಕೂತು ಯಾರದ್ದೋ ಜೊತೆ ಮಾತಾಡ್ತಿದ್ರು. ಹುಡುಗ ಪಟಪಟ ಅಂತ ಸ್ಲಿಪ್ ತುಂಬಿ, ಸಹಿ ಹಾಕಕ್ಕೆ ಬಗ್ಗಿದ. ನಾನು ಕೌಂಟರ್ ಒಳಗಿಂದ ಕೈ ಹಾಕಿ ಸ್ಲಿಪ್ ಎಳ್ಕೊಂಡೆ.

"ಏನ್ ಸಾರ್, ತಪ್ಪಾಯ್ತಾ?"

"ತಪ್ಪೇನಿಲ್ಲ. ಅಪ್ಪಂಗೆ ಕೊಡಪ್ಪ ಪೆನ್ನು, ಅವರೇ ಹಾಕ್ಲಿ. ತಾರೀಕೂ ಅವರೇ ಬರೀಲಿ."